ಹರಿಯುವ ಚಿತ್ರ, ಮಿಣುಕುವ ಪರದೆ

ಕಂಪ್ಯೂಟರ್ ಆಟದಲ್ಲಿ ಕ್ಯಾಮೆರಾ ರಪ್ಪನೆ ಪಕ್ಕಕ್ಕೆ ತಿರುಗಿದಾಗ ರಸ್ತೆಬದಿಯ ದೀಪದ ಕಂಬ ನಡುವೆ ತುಂಡಾದಂತೆ ಕಾಣುವುದುಂಟು. ಮೇಲಿನ ಅರ್ಧ ಒಂದು ಕಡೆ ಇರುತ್ತದೆ, ಕೆಳಗಿನ ಅರ್ಧ ಬೆರಳಗಲ ಸರಿದಿರುತ್ತದೆ. ರೆಪ್ಪೆ ಬಡಿಯುವಷ್ಟರಲ್ಲಿ ಅದು ಕೂಡಿಕೊಂಡು, ಮತ್ತೆ ಬೇರೊಂದು ಎತ್ತರದಲ್ಲಿ ತುಂಡಾಗುತ್ತದೆ. ಇದಕ್ಕೆ ಟೇರಿಂಗ್ ಎನ್ನುತ್ತಾರೆ, ಅಂದರೆ ಚಿತ್ರ ಹರಿಯುವುದು. ಇನ್ನು ಕೆಲವು ಪರದೆಗಳಲ್ಲಿ ಏನೂ ಹರಿಯುವುದಿಲ್ಲ, ಆದರೆ ಕತ್ತಲ ಕೋಣೆಯ ಗೋಡೆ, ರಾತ್ರಿಯ ಆಕಾಶ, ಮೋಡದ ಬೂದು ಬಣ್ಣ ಎಣ್ಣೆ ತೀರುತ್ತಿರುವ ದೀಪದ ಹಾಗೆ ಮಿಣುಕುತ್ತವೆ. ಎರಡನ್ನು ಕಂಡಾಗಲೂ ಮೊದಲು ಅನುಮಾನ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಬಹಳ ಸಲ ಕಾರ್ಡು ಚೆನ್ನಾಗಿಯೇ ಇರುತ್ತದೆ. ಚಿತ್ರ ಬರೆಯುವ ಕಾರ್ಡು ಮತ್ತು ತೋರಿಸುವ ಮಾನಿಟರಿನ ನಡುವೆ ವೇಳೆ ಹೊಂದಿರುವುದಿಲ್ಲ, ಅಷ್ಟೆ.

ಮಾನಿಟರ್ ಒಂದು ಚಿತ್ರವನ್ನು ಇಡಿಯಾಗಿ ಒಮ್ಮೆಲೇ ತೋರಿಸುವುದಿಲ್ಲ. ಪುಟ ಓದುವ ಹಾಗೆ ಮೇಲಿನ ಸಾಲಿನಿಂದ ಹಿಡಿದು ಕೆಳಗಿನ ಸಾಲಿನವರೆಗೆ ಒಂದೊಂದೇ ಸಾಲನ್ನು ಹೊಸದು ಮಾಡುತ್ತ ಇಳಿಯುತ್ತದೆ. 60 ಹರ್ಟ್ಸ್‌ನ ಮಾನಿಟರ್ ಸೆಕೆಂಡಿಗೆ 60 ಸಲ ಹೀಗೆ ಇಳಿಯುತ್ತದೆ, ಒಂದು ಸುತ್ತಿಗೆ 16.7 ಮಿಲಿಸೆಕೆಂಡ್. 144 ಹರ್ಟ್ಸ್‌ನದಾದರೆ ಒಂದು ಸುತ್ತು 6.9 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಕೊನೆಯ ಸಾಲು ಮುಗಿದು ಮತ್ತೆ ಮೊದಲ ಸಾಲಿಗೆ ಹೋಗುವ ಮೊದಲು ಒಂದು ಚಿಕ್ಕ ಬಿಡುವು ಇರುತ್ತದೆ. ಹಳೆಯ ಡಬ್ಬ ಟಿವಿಗಳ ಕಾಲದಲ್ಲಿ ಎಲೆಕ್ಟ್ರಾನ್ ಕಿರಣ ಕೆಳಗಿನಿಂದ ಮೇಲಕ್ಕೆ ಮರಳಲು ಈ ಬಿಡುವು ಬೇಕಿತ್ತು. ಕಿರಣ ಹೋಯಿತು, ಬಿಡುವು ಉಳಿಯಿತು. ಮುಂದಿನ ಕತೆಯೆಲ್ಲ ಈ ಬಿಡುವಿನ ಸುತ್ತಲೇ ನಡೆಯುತ್ತದೆ.

ಗ್ರಾಫಿಕ್ಸ್ ಕಾರ್ಡಿಗೆ ಇಂಥ ಸ್ಥಿರ ತಾಳ ಇಲ್ಲ. ಖಾಲಿ ಕೋಣೆಯ ಚಿತ್ರವನ್ನು 5 ಮಿಲಿಸೆಕೆಂಡಿನಲ್ಲಿ ಬರೆದು ಮುಗಿಸುವ ಅದೇ ಕಾರ್ಡು ಜನಜಂಗುಳಿಯ ಸಂತೆಯ ಚಿತ್ರಕ್ಕೆ 20 ಮಿಲಿಸೆಕೆಂಡ್ ತೆಗೆದುಕೊಳ್ಳಬಹುದು. ಹೀಗೆ ಬರೆದ ಒಂದೊಂದು ಚಿತ್ರವೇ ಒಂದು ಫ್ರೇಮ್. ಅದು ಎರಡು ಹಲಗೆಗಳನ್ನು ಇಟ್ಟುಕೊಂಡಿರುತ್ತದೆ. ಒಂದನ್ನು ಮಾನಿಟರ್ ಓದುತ್ತಿರುವಾಗ ಇನ್ನೊಂದರ ಮೇಲೆ ಮುಂದಿನ ಫ್ರೇಮ್ ಬರೆಯುತ್ತದೆ, ಬರೆದಾದ ಕೂಡಲೇ ಹಲಗೆಗಳನ್ನು ಅದಲುಬದಲು ಮಾಡುತ್ತದೆ. ಮಾನಿಟರ್ ಅರ್ಧ ಪರದೆ ಇಳಿದಿರುವಾಗ ಈ ಬದಲಾವಣೆ ನಡೆದರೆ ಮೇಲರ್ಧದಲ್ಲಿ ಹಳೆಯ ಫ್ರೇಮ್, ಕೆಳಗರ್ಧದಲ್ಲಿ ಹೊಸ ಫ್ರೇಮ್ ಉಳಿಯುತ್ತದೆ. ನಿಂತ ಚಿತ್ರದಲ್ಲಿ ಇದು ಯಾರಿಗೂ ತಿಳಿಯದು, ಎರಡೂ ಫ್ರೇಮ್ ಒಂದೇ ಥರ ಇರುತ್ತವೆ. ಕ್ಯಾಮೆರಾ ತಿರುಗುತ್ತ ದೃಶ್ಯ ಸೆಕೆಂಡಿಗೆ 1,800 ಪಿಕ್ಸೆಲ್ ಪಕ್ಕಕ್ಕೆ ಸರಿಯುತ್ತಿದ್ದರೆ, 60 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮಿಗೂ ಮುಂದಿನದಕ್ಕೂ 30 ಪಿಕ್ಸೆಲ್ ವ್ಯತ್ಯಾಸ. ದೀಪದ ಕಂಬ ಸರಿಯಾಗಿ ಅಷ್ಟೇ ದೂರ ಸರಿದು ತುಂಡಾಗುತ್ತದೆ.

ಈ ಹರಿದ ಗೆರೆಯ ನಡಿಗೆಯೂ ಒಂದು ಸುಳಿವು. ಫ್ರೇಮುಗಳ ವೇಗ ಏರುಪೇರಾಗುತ್ತಿದ್ದರೆ ಗೆರೆ ಪರದೆಯ ಮೇಲೆಲ್ಲ ಎಲ್ಲೆಂದರಲ್ಲಿ ಹಾರುತ್ತದೆ. ಆಟ ಸೆಕೆಂಡಿಗೆ 60.5 ಫ್ರೇಮ್ ಕೊಡುತ್ತ ಮಾನಿಟರ್ 60 ಹರ್ಟ್ಸ್‌ನಲ್ಲಿದ್ದರೆ, ಪ್ರತಿ ಸುತ್ತಿನಲ್ಲೂ ಬದಲಾವಣೆ ಚೂರು ಮುಂಚೆ ನಡೆಯುತ್ತದೆ. ಆಗ ಒಂದೇ ಗೆರೆ ಗೋಡೆ ಹತ್ತುವ ಬಸವನಹುಳದಂತೆ ಸುಮಾರು ಎರಡು ಸೆಕೆಂಡಿನಲ್ಲಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಹೀಗೆ ನಿಧಾನವಾಗಿ ಏರುವ ಗೆರೆ ಕಂಡರೆ ಎರಡರ ವೇಗವೂ ಹೆಚ್ಚುಕಡಿಮೆ ಒಂದೇ ಇದೆ, ಆದರೆ ಒಂದಕ್ಕೊಂದು ಕಟ್ಟಿಲ್ಲ ಎಂದು ತಿಳಿಯಬಹುದು.

ಕಟ್ಟುವ ಹಳೆಯ ಉಪಾಯ ವಿ-ಸಿಂಕ್. ಫ್ರೇಮ್ ಸಿದ್ಧವಾದರೂ ಮಾನಿಟರಿನ ಬಿಡುವು ಬರುವ ತನಕ ಹಲಗೆ ಬದಲಿಸಬೇಡ ಎಂಬ ಆಜ್ಞೆ ಅದು. ಹರಿತ ಪೂರ್ತಿ ನಿಲ್ಲುತ್ತದೆ. ಬದಲಿಗೆ ತೆರಬೇಕಾದ ಬೆಲೆ ಎರಡು ಬಗೆಯದು. 60 ಹರ್ಟ್ಸ್ ಮಾನಿಟರಿನಲ್ಲಿ ಕಾರ್ಡು ಒಂದು ಫ್ರೇಮನ್ನು 17 ಮಿಲಿಸೆಕೆಂಡಿನಲ್ಲಿ ಮುಗಿಸಿತು ಎಂದುಕೊಂಡರೆ, ಅದು ಬಿಡುವನ್ನು ತಪ್ಪಿಸಿಕೊಂಡದ್ದು ಬರೀ 0.3 ಮಿಲಿಸೆಕೆಂಡಿನಿಂದ. ಆದರೂ ಬಸ್ಸು ತಪ್ಪಿದವರಂತೆ ಮುಂದಿನ ಬಿಡುವಿನವರೆಗೆ, ಅಂದರೆ 33.3 ಮಿಲಿಸೆಕೆಂಡಿನವರೆಗೆ ಕಾಯಲೇಬೇಕು. ಎರಡೇ ಹಲಗೆ ಇದ್ದಾಗ ಹಿಂದಿನ ಹಲಗೆ ಬಿಡುಗಡೆಯಾಗದೆ ಮುಂದಿನ ಕೆಲಸವೂ ನಿಲ್ಲುತ್ತದೆ. ಸೆಕೆಂಡಿಗೆ 59 ಫ್ರೇಮ್ ಬರಬೇಕಿದ್ದ ಆಟ ಇದ್ದಕ್ಕಿದ್ದಂತೆ 30ಕ್ಕೆ ಕುಸಿದು ತೊದಲುತ್ತದೆ. ಎರಡನೆಯದು, ಕಾರ್ಡು ಮಾನಿಟರಿಗಿಂತ ವೇಗವಾಗಿದ್ದಾಗ ಆಗುವ ತಡ. ಸಿದ್ಧವಾದ ಫ್ರೇಮುಗಳು ಸಾಲಿನಲ್ಲಿ ನಿಂತು ಕಾಯುವುದರಿಂದ ಮೌಸ್ ಅಲುಗಿಸಿದ್ದಕ್ಕೆ ಪರದೆ ಸ್ವಲ್ಪ ಹೊತ್ತಿನ ಮೇಲೆ ಓಗೊಡುತ್ತದೆ. ಗುರಿಯಿಟ್ಟು ಹೊಡೆಯುವ ಆಟ ಆಡುವವರು ವಿ-ಸಿಂಕ್ ಎಂದರೆ ಮುಖ ಸಿಂಡರಿಸುವುದು ಈ ಕಾರಣಕ್ಕೆ.

ಕಾರ್ಡು ಮಾನಿಟರಿಗಾಗಿ ಕಾಯುವ ಬದಲು ಮಾನಿಟರೇ ಕಾರ್ಡಿಗಾಗಿ ಕಾದರೆ ಹೇಗೆ ಎಂಬ ಯೋಚನೆಯಿಂದ ಬಂದದ್ದು ವೇರಿಯಬಲ್ ರಿಫ್ರೆಶ್ ರೇಟ್, ಚಿಕ್ಕದಾಗಿ ವಿಆರ್‌ಆರ್. ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಪ್ರಕಟಿಸಿತು. ಅದಕ್ಕೆ ಮಾನಿಟರಿನೊಳಗೆ ಬೇರೆಯೇ ಒಂದು ಎಲೆಕ್ಟ್ರಾನಿಕ್ ಬಿಲ್ಲೆ ಬೇಕಿತ್ತು. 2014ರಲ್ಲಿ ವೀಸಾ ಸಂಸ್ಥೆ ಇದೇ ಕೆಲಸವನ್ನು ಅಡಾಪ್ಟಿವ್-ಸಿಂಕ್ ಎಂಬ ಹೆಸರಿನಲ್ಲಿ ಡಿಸ್‌ಪ್ಲೇಪೋರ್ಟ್ ಮಾನದಂಡಕ್ಕೆ ಸೇರಿಸಿತು (ಇದು ವಿದೇಶಕ್ಕೆ ಹೋಗಲು ಬೇಕಾದ ವೀಸಾ ಅಲ್ಲ, ಪರದೆಗಳ ಮಾನದಂಡ ರೂಪಿಸುವ ಸಂಸ್ಥೆ). ಎಎಂಡಿಯ ಫ್ರೀಸಿಂಕ್ ಅದರ ಮೇಲೆಯೇ ನಿಂತಿದೆ. 2019ರಿಂದ ಎನ್‌ವಿಡಿಯಾ ಕಾರ್ಡುಗಳೂ ಅಡಾಪ್ಟಿವ್-ಸಿಂಕ್ ಮಾನಿಟರುಗಳ ಜೊತೆ ಹೊಂದಿಕೊಳ್ಳತೊಡಗಿದ ಮೇಲೆ ಮಧ್ಯಮ ಬೆಲೆಯ ಪರದೆಗಳಿಗೂ ಈ ಸೌಲಭ್ಯ ಇಳಿದು ಬಂತು. ತಪ್ಪು ಸೆಟ್ಟಿಂಗಿನ ಗೋಳೂ ಜೊತೆಗೇ ಇಳಿಯಿತು.

ವಿಆರ್‌ಆರ್ ಮಾಡುವುದು ಇಷ್ಟೇ: ಬಿಡುವನ್ನು ಎಳೆದು ಹಿಗ್ಗಿಸುವುದು. 144 ಹರ್ಟ್ಸ್‌ನ ಇಂಥ ಮಾನಿಟರಿಗೆ ಆಟ ಸೆಕೆಂಡಿಗೆ 60 ಫ್ರೇಮ್ ಮಾತ್ರ ಕೊಡುತ್ತಿದ್ದರೂ ಅದು ಸಾಮಾನ್ಯವಾಗಿ ಸಾಲುಗಳನ್ನು 6.9 ಮಿಲಿಸೆಕೆಂಡಿನಲ್ಲೇ ಇಳಿದು ಮುಗಿಸುತ್ತದೆ. ಉಳಿದ 9.7 ಮಿಲಿಸೆಕೆಂಡ್ ಅದೇ ಚಿತ್ರವನ್ನು ಹಿಡಿದುಕೊಂಡು ಕಾಯುತ್ತದೆ, ಹೊಸ ಫ್ರೇಮ್ ಬಂದ ಕ್ಷಣ ಮತ್ತೆ ಇಳಿಯುತ್ತದೆ. ಬಸ್ಸು ವೇಳಾಪಟ್ಟಿ ಬಿಟ್ಟು ಪ್ರಯಾಣಿಕ ಬಂದಾಗ ಹೊರಟಂತೆ. ಆದರೆ ಕಾಯುವುದಕ್ಕೂ ಓಡುವುದಕ್ಕೂ ಮಿತಿಗಳಿವೆ. ಪ್ರತಿ ಮಾನಿಟರಿಗೂ ಒಂದು ವ್ಯಾಪ್ತಿ ಇರುತ್ತದೆ, ಉದಾಹರಣೆಗೆ 48ರಿಂದ 144 ಹರ್ಟ್ಸ್. ತೊಂದರೆಗಳು ಹೆಚ್ಚಾಗಿ ಹುಟ್ಟುವುದು ಈ ವ್ಯಾಪ್ತಿಯ ಎರಡು ತುದಿಗಳಲ್ಲಿ.

ಮೇಲಿನ ತುದಿಯದು ಹರಿತದ ಸಮಸ್ಯೆ. ವಿಆರ್‌ಆರ್ ಇದೆಯಲ್ಲ, ಇನ್ನು ವಿ-ಸಿಂಕ್ ಏಕೆ ಎಂದು ಅದನ್ನು ಆರಿಸಿಬಿಡುವುದು ಬಹಳ ಜನ ಮಾಡುವ ತಪ್ಪು. ಆಟ 144ಕ್ಕಿಂತ ವೇಗವಾಗಿ ಓಡಿದಾಗ ಮಾನಿಟರಿಗೆ ಹಿಗ್ಗಿಸಲು ಬಿಡುವೇ ಉಳಿಯುವುದಿಲ್ಲ, ಹರಿತ ಮರಳುತ್ತದೆ. ಇದು ಸುಲಭವಾಗಿ ಅರ್ಥವಾಗುತ್ತದೆ. ಆದರೆ ಸರಾಸರಿ 130 ಫ್ರೇಮ್ ಇರುವಾಗಲೂ ಪರದೆಯ ಕೆಳಗಿನ ಅಂಚಿನ ಹತ್ತಿರ ಆಗೀಗ ಒಂದು ಗೆರೆ ಹಾಯುತ್ತದೆ, ಅದು ಹಲವರಿಗೆ ಒಗಟು. ಸರಾಸರಿ ಎಂಬುದು ಸರಾಸರಿ ಅಷ್ಟೆ. ಬಿಡಿಬಿಡಿಯಾಗಿ ನೋಡಿದರೆ ಯಾವುದೋ ಒಂದು ಫ್ರೇಮ್ 6 ಮಿಲಿಸೆಕೆಂಡಿನಲ್ಲೇ ಸಿದ್ಧವಾಗಿರುತ್ತದೆ. ಆಗ ಮಾನಿಟರ್ ಇನ್ನೂ ಕೊನೆಯ ಸಾಲುಗಳಲ್ಲಿ ಇರುತ್ತದೆ, ಗೆರೆ ಅಲ್ಲೇ ಬೀಳುತ್ತದೆ. ವಿ-ಸಿಂಕ್ ಆನ್ ಇದ್ದರೆ ಆ ಒಂದು ಫ್ರೇಮನ್ನು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ತಡೆದು ಬಿಡುತ್ತದೆ. ಆಡುವವರಿಗೆ ಆ ತಡ ತಿಳಿಯುವುದೇ ಇಲ್ಲ.

ಹಾಗಾಗಿ ಮೂರನ್ನು ಒಟ್ಟಿಗೆ ಇಡುವುದು ಸರಿಯಾದ ಕ್ರಮ. ವಿಆರ್‌ಆರ್ ಆನ್, ಗ್ರಾಫಿಕ್ಸ್ ಡ್ರೈವರಿನ ಸೆಟ್ಟಿಂಗಿನಲ್ಲಿ ವಿ-ಸಿಂಕ್ ಆನ್, ಫ್ರೇಮ್ ವೇಗಕ್ಕೆ ಮಾನಿಟರಿನ ಮೇಲಿನ ಮಿತಿಗಿಂತ ತುಸು ಕೆಳಗೆ ಒಂದು ಕಡಿವಾಣ. 144 ಹರ್ಟ್ಸ್‌ಗೆ 141ರ ಆಸುಪಾಸು ಸಾಕು. ಈ ಕಡಿವಾಣ ಇದ್ದರೆ ವಿ-ಸಿಂಕ್‌ನ ಸಾಲು ಕಟ್ಟಿ ನಿಲ್ಲುವ ತಡ ಬರುವುದೇ ಇಲ್ಲ, ಏಕೆಂದರೆ ಆಟ ಮೇಲಿನ ಮಿತಿಯನ್ನು ಮುಟ್ಟುವುದಿಲ್ಲ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ `Manage 3D settings` ಪುಟದಲ್ಲಿ `Vertical sync` ಮತ್ತು `Max Frame Rate` ಎಂಬ ಎರಡು ಸಾಲುಗಳು ಇದಕ್ಕೇ ಇವೆ. ಎಎಂಡಿ ಡ್ರೈವರಿನಲ್ಲಿ ವಿ-ಸಿಂಕ್ ಇರುವುದು `Wait for Vertical Refresh` ಎಂಬ ಹೆಸರಿನಲ್ಲಿ. ಡ್ರೈವರಿನಲ್ಲಿ ಆನ್ ಮಾಡಿದ ಮೇಲೆ ಆಟದ ಒಳಗಿನ ವಿ-ಸಿಂಕ್ ಆಫ್ ಇರಲಿ, ಒಂದೇ ಕೆಲಸಕ್ಕೆ ಇಬ್ಬರು ಬೇಡ. ಕಡಿವಾಣ ಹಾಕುವ ಸೌಲಭ್ಯ ಆಟದೊಳಗೇ ಇದ್ದರೆ ಮಾತ್ರ ಅದನ್ನೇ ಬಳಸುವುದು ಮೇಲು. ಫ್ರೇಮ್ ಹುಟ್ಟುವ ಜಾಗದಲ್ಲೇ ತಡೆದಷ್ಟೂ ಮೌಸ್‌ನ ತಡ ಕಡಿಮೆ.

ಇವೆಲ್ಲ ಮಾಡಿಯೂ ಏನೂ ಬದಲಾಗಲಿಲ್ಲ ಎಂದಾದರೆ ಇನ್ನೂ ಸರಳವಾದ ಕಾರಣ ಇರಬಹುದು. ಮಾನಿಟರಿನ ಸ್ವಂತ ಮೆನುವಿನಲ್ಲಿ ಫ್ರೀಸಿಂಕ್ ಅಥವಾ ಅಡಾಪ್ಟಿವ್-ಸಿಂಕ್ ಆಫ್ ಆಗಿರುತ್ತದೆ. ಇಲ್ಲವೇ ವಿಂಡೋಸ್‌ನ `Advanced display` ಪುಟದಲ್ಲಿ 144ರ ಮಾನಿಟರ್ ಇನ್ನೂ 60 ಹರ್ಟ್ಸ್‌ನಲ್ಲೇ ನಿಂತಿರುತ್ತದೆ. ಹೊಸ ಮಾನಿಟರ್ ತಂದು ತಿಂಗಳುಗಟ್ಟಲೆ ಹಾಗೇ ಬಳಸುವವರು ಕಡಿಮೆಯೇನಿಲ್ಲ. ಬಹಳಷ್ಟು ಗೇಮಿಂಗ್ ಮಾನಿಟರುಗಳ ಮೆನುವಿನಲ್ಲಿ ಸದ್ಯದ ರಿಫ್ರೆಶ್ ರೇಟನ್ನು ಅಂಕಿಯಲ್ಲಿ ತೋರಿಸುವ ಆಯ್ಕೆ ಇರುತ್ತದೆ. ಆಟ ಓಡುತ್ತಿರುವಾಗ ಆ ಅಂಕಿ ಕುಣಿಯುತ್ತಿದ್ದರೆ ವಿಆರ್‌ಆರ್ ಕೆಲಸ ಮಾಡುತ್ತಿದೆ. 144ರಲ್ಲೇ ಕಲ್ಲಿನಂತೆ ನಿಂತಿದ್ದರೆ ಮಾಡುತ್ತಿಲ್ಲ.

ಕೆಳಗಿನ ತುದಿಯ ಸಮಸ್ಯೆ ಮಿಣುಕಾಟ. ಇದು ಸ್ವಲ್ಪ ಹಠಮಾರಿ. ಎಲ್‌ಸಿಡಿ ಪರದೆಯ ಪ್ರತಿ ಪಿಕ್ಸೆಲ್ ತನಗೆ ಸಿಕ್ಕ ವಿದ್ಯುತ್ ಆವೇಶವನ್ನು ಮುಂದಿನ ಸುತ್ತಿನವರೆಗೆ ಹಿಡಿದಿಟ್ಟುಕೊಳ್ಳಬೇಕು. ಕಾಯುವ ಹೊತ್ತು ಹೆಚ್ಚಿದಷ್ಟೂ ಅದು ಚೂರುಪಾರು ಸೋರುತ್ತದೆ, ಹೊಳಪು ಕೂದಲೆಳೆಯಷ್ಟು ಬದಲಾಗುತ್ತದೆ. ಒಎಲ್‌ಇಡಿ ಪರದೆಗಳಲ್ಲಿ ಕಾರಣ ಬೇರೆ, ಫಲ ಅದೇ. ಅವುಗಳ ಬಣ್ಣದ ಹದವನ್ನು ಕಾರ್ಖಾನೆಯಲ್ಲಿ ಒಂದು ನಿರ್ದಿಷ್ಟ ರಿಫ್ರೆಶ್ ರೇಟಿಗೆ ಕೂರಿಸಿರುತ್ತಾರೆ, ರೇಟು ಬದಲಾದರೆ ಗಾಢ ಬೂದು ಬಣ್ಣಗಳು ಹದ ತಪ್ಪುತ್ತವೆ. ವೇಗ ಒಂದೇ ಸಮ ಇದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳದು. ಅದು ಹಿಂದೆಮುಂದೆ ಜಿಗಿದಾಗ ಮಾತ್ರ ಮಿಣುಕಾಗಿ ಕಾಣುತ್ತದೆ, ಅದೂ ಕತ್ತಲ ದೃಶ್ಯಗಳಲ್ಲಿ. ಬೆಳಕಿನಲ್ಲಿನ ಸಣ್ಣ ಬದಲಾವಣೆಯನ್ನು ಕಣ್ಣು ಕತ್ತಲಲ್ಲೇ ಹೆಚ್ಚು ಗುರುತಿಸುತ್ತದೆ.

ದೊಡ್ಡ ಜಿಗಿತ ನಡೆಯುವುದು ವ್ಯಾಪ್ತಿಯ ಹೊಸ್ತಿಲಲ್ಲಿ. 48ರಿಂದ ಶುರುವಾಗುವ ಮಾನಿಟರಿಗೆ ಆಟ 47 ಫ್ರೇಮ್ ಕೊಟ್ಟರೆ ಅಷ್ಟು ಹೊತ್ತು ಕಾಯಲು ಅದಕ್ಕೆ ಆಗದು. ಆಗ ಡ್ರೈವರ್ ಒಂದೊಂದು ಫ್ರೇಮನ್ನೂ ಎರಡೆರಡು ಸಲ ಕಳಿಸಿ ಮಾನಿಟರನ್ನು 94 ಹರ್ಟ್ಸ್‌ನಲ್ಲಿ ಓಡಿಸುತ್ತದೆ. ಎಲ್‌ಎಫ್‌ಸಿ ಎಂದು ಕರೆಯುವ ಈ ಜಾಣ ಉಪಾಯದಿಂದ ಹರಿತವೂ ಇಲ್ಲ, ತೊದಲೂ ಇಲ್ಲ. ಆದರೆ ಆಟ 46 ಮತ್ತು 50ರ ನಡುವೆ ತೂಗಾಡುತ್ತಿದ್ದರೆ ಮಾನಿಟರ್ 92ಕ್ಕೂ 50ಕ್ಕೂ ನಡುವೆ ಉಯ್ಯಾಲೆಯಾಡುತ್ತದೆ.

ಒಂದು ಮಾದರಿ ಪ್ರಕರಣ ನೋಡಬಹುದು. 27 ಇಂಚಿನ ವಿಎ ಪ್ಯಾನೆಲ್‌ನ ಮಾನಿಟರ್, ವ್ಯಾಪ್ತಿ 48ರಿಂದ 144. ಆಟದಲ್ಲಿ ರಾತ್ರಿಯ ನಗರ, ಮಳೆ ನಿಂತ ರಸ್ತೆ. ಹಗಲಿನ ದೃಶ್ಯದಲ್ಲಿ ಇಲ್ಲದ ಮಿಣುಕು ಇಲ್ಲಿ ಆಕಾಶಕ್ಕೂ ಗೋಡೆಗಳಿಗೂ ಹತ್ತಿಕೊಂಡಿದೆ, ಗೋಡೆಯ ಮೇಲಿನ ಚಿತ್ತಾರವೇ ನಡುಗುತ್ತಿರುವಂತೆ ತೋರುತ್ತದೆ. ವಿ-ಸಿಂಕ್ ಆರಿಸಿದರೆ ವ್ಯತ್ಯಾಸವಿಲ್ಲ. ವಿಆರ್‌ಆರ್ ಆರಿಸಿದರೆ ಮಿಣುಕು ನಿಲ್ಲುತ್ತದೆ, ಬದಲಿಗೆ ತೊದಲು ಬರುತ್ತದೆ. ಹೀಗಾಗಿ ಮಿಣುಕಿನ ಮೂಲ ವಿಆರ್‌ಆರ್ ಎಂಬುದು ಖಚಿತ. ಈಗ ಮಾನಿಟರಿನ ರಿಫ್ರೆಶ್ ಅಂಕಿಯನ್ನು ಪರದೆಯ ಮೂಲೆಗೆ ತಂದು ನೋಡಿದರೆ 51, 49, 94, 50, 92, 49 ಎಂದು ಓಡುತ್ತಿರುತ್ತದೆ. 94 ಮತ್ತು 92 ಬೇರೆಲ್ಲಿಂದಲೋ ಬಂದವಲ್ಲ, 47 ಮತ್ತು 46ರ ಇಮ್ಮಡಿ. ರೋಗ ಸಿಕ್ಕಿತು. ಮದ್ದು ವಿಆರ್‌ಆರ್ ಆರಿಸುವುದಲ್ಲ, ಆಟವನ್ನು ಹೊಸ್ತಿಲಿನಿಂದ ದೂರ ತರುವುದು. ನೆರಳಿನ ಗುಣಮಟ್ಟವನ್ನು ಎರಡು ಮೆಟ್ಟಿಲು ಇಳಿಸಿದಾಗ ಫ್ರೇಮ್ ವೇಗ 60ರ ಮೇಲೆ ಹೋಗುತ್ತದೆ. ಅಲ್ಲಿಗೆ 60ರಲ್ಲಿ ಕಡಿವಾಣ ಹಾಕಿದರೆ ಮೂಲೆಯ ಅಂಕಿ 59, 60 ಎಂದು ನಿಂತುಬಿಡುತ್ತದೆ, ಗೋಡೆಗಳೂ ನಿಲ್ಲುತ್ತವೆ. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಬರುವ ಲೋಡಿಂಗ್ ಪರದೆಯಲ್ಲಿ ಮಾತ್ರ ಮಿಣುಕು ಉಳಿಯಬಹುದು. ಅಲ್ಲಿ ಫ್ರೇಮುಗಳು ಒಮ್ಮೆ ಧಾರಾಳವಾಗಿ ಬಂದು ಮರುಕ್ಷಣ ಪೂರ್ತಿ ನಿಲ್ಲುತ್ತವೆ. ಅದು ಮಾನಿಟರಿನ ದೋಷವಲ್ಲ, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆಟ ಬಿಟ್ಟು ಬೇರೆ ಕೆಲಸ ಮಾಡುವಾಗಲೂ ಪರದೆ ಮಿಣುಕಿದರೆ ಬೇರೆ ಕಡೆ ಹುಡುಕಬೇಕು. ಎನ್‌ವಿಡಿಯಾದ `Set up G-SYNC` ಪುಟದಲ್ಲಿ ಪೂರ್ಣ ಪರದೆಗೆ ಮಾತ್ರ ಎಂಬ ಆಯ್ಕೆಯೂ ಇದೆ, ಕಿಟಕಿಯಲ್ಲಿ ಓಡುವ ತಂತ್ರಾಂಶಗಳಿಗೂ ಎಂಬ ಆಯ್ಕೆಯೂ ಇದೆ. ಎರಡನೆಯದನ್ನು ಆರಿಸಿದಾಗ ಯಾವುದೋ ಸಾದಾ ತಂತ್ರಾಂಶವನ್ನು ಡ್ರೈವರ್ ಆಟವೆಂದು ಎಣಿಸುವುದುಂಟು. ಅದು ತನಗೆ ಬೇಕಾದಾಗ ಒಂದೊಂದು ಫ್ರೇಮ್ ಬರೆಯುತ್ತಿರುತ್ತದೆ, ಇಡೀ ಪರದೆ ಅದರ ಲಯಕ್ಕೆ ಕುಣಿಯುತ್ತದೆ. ಮೌಸ್ ಬಾಣ ಜರ್ಕು ಹೊಡೆಯುತ್ತದೆ, ಹಿನ್ನೆಲೆಯ ಬೂದು ಬಣ್ಣ ಮಿಣುಕುತ್ತದೆ. `Enable for full screen mode` ಎಂಬುದಕ್ಕೆ ಮರಳಿದರೆ ಸಾಕು.

ಇನ್ನೊಂದು ದೋಷ ಚಲಿಸುವ ವಸ್ತುವಿನ ಹಿಂದೆ ಬೆಳ್ಳಗಿನ ನೆರಳಿನಂತೆ ಹಿಂಬಾಲಿಸುತ್ತದೆ. ಪಿಕ್ಸೆಲ್‌ಗಳು ಬೇಗ ಬಣ್ಣ ಬದಲಿಸಲಿ ಎಂದು ಮಾನಿಟರ್ ಅವುಗಳಿಗೆ ತುಸು ಹೆಚ್ಚು ವೋಲ್ಟೇಜಿನ ತಳ್ಳು ಕೊಡುತ್ತದೆ, ಇದು ಓವರ್‌ಡ್ರೈವ್. 144 ಹರ್ಟ್ಸ್‌ಗೆ ಸರಿಯಾದ ತಳ್ಳು 60ರಲ್ಲಿ ಅತಿಯಾಗಿ ಬಣ್ಣ ಗುರಿ ದಾಟಿ ಹೋಗುತ್ತದೆ. ಮಾನಿಟರಿನ ಮೆನುವಿನಲ್ಲಿ ಓವರ್‌ಡ್ರೈವನ್ನು ಒಂದು ಹಂತ ಇಳಿಸಿದರೆ ಅದು ಹೋಗುತ್ತದೆ.

ಸೆಟ್ಟಿಂಗಿಗೆ ಸಂಬಂಧವೇ ಇಲ್ಲದ ಮಿಣುಕೂ ಇದೆ. ಆಟದಲ್ಲಿ ಎರಡು ಮೇಲ್ಮೈಗಳು ಒಂದೇ ಆಳದಲ್ಲಿ ಕೂತಿದ್ದರೆ, ಗೋಡೆ ಮತ್ತು ಅದಕ್ಕೆ ಅಂಟಿಸಿದ ಪೋಸ್ಟರಿನಂತೆ, ಯಾವುದು ಮುಂದೆ ಎಂದು ಕಾರ್ಡಿಗೆ ತೀರ್ಮಾನವಾಗದೆ ಎರಡೂ ಪಟ್ಟೆಪಟ್ಟೆಯಾಗಿ ಕಿತ್ತಾಡುತ್ತವೆ. ಇದು ಆಟ ಮಾಡಿದವರ ತಪ್ಪು. ಎಲ್ಲೆಂದರಲ್ಲಿ ಬಣ್ಣದ ಚೌಕ, ಚುಕ್ಕೆ, ಮುಳ್ಳಿನಂತೆ ಚಾಚಿಕೊಂಡ ತ್ರಿಕೋನಗಳು ಬಂದರೆ ಕಾರ್ಡಿನ ಮೆಮೊರಿ, ಬಿಸಿ ಅಥವಾ ಡ್ರೈವರಿನ ಕಡೆ ನೋಡಬೇಕು. ಇವುಗಳನ್ನು ಬೇರ್ಪಡಿಸಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ: ದೋಷ ಕಾಣುತ್ತಿರುವಾಗ ಸ್ಕ್ರೀನ್‌ಶಾಟ್ ತೆಗೆಯುವುದು. ಸ್ಕ್ರೀನ್‌ಶಾಟ್ ಹಲಗೆಯ ಮೇಲಿನ ಪೂರ್ತಿ ಫ್ರೇಮನ್ನು ನಕಲು ಮಾಡುತ್ತದೆ, ಮಾನಿಟರ್ ಅದನ್ನು ಹೇಗೆ ತೋರಿಸಿತು ಎಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಟೇರಿಂಗ್ ಆಗಲಿ, ವಿಆರ್‌ಆರ್ ಮಿಣುಕಾಗಲಿ, ಓವರ್‌ಡ್ರೈವಿನ ಬಿಳಿ ನೆರಳಾಗಲಿ ಅದರಲ್ಲಿ ಇರುವುದಿಲ್ಲ. ಪಟ್ಟೆಗಳೂ ಚೌಕಗಳೂ ಸ್ಕ್ರೀನ್‌ಶಾಟ್‌ನಲ್ಲಿ ಸಿಕ್ಕಿದರೆ ತಪ್ಪು ಫ್ರೇಮಿನೊಳಗೇ ಇದೆ, ಯಾವ ಸಿಂಕ್ ಸೆಟ್ಟಿಂಗೂ ಅದನ್ನು ಸರಿಮಾಡದು. ಮೊಬೈಲಿನಿಂದ ಪರದೆಯ ಫೋಟೊ ತೆಗೆದು ಸಾಕ್ಷಿ ಎನ್ನುವಂತಿಲ್ಲ. ಅದರ ಕ್ಯಾಮೆರಾವೂ ಸಾಲುಸಾಲಾಗಿಯೇ ಓದುವುದರಿಂದ ಇಲ್ಲದ ಪಟ್ಟೆಗಳನ್ನು ತಾನೇ ಸೇರಿಸಬಲ್ಲದು.

ಸೆಟ್ಟಿಂಗ್ ಎಷ್ಟೇ ತಿದ್ದಿದರೂ ಸರಿಹೋಗದ ಒಂದು ಸಂದರ್ಭ ಉಳಿಯುತ್ತದೆ. ಕಡಿಮೆ ಬೆಲೆಯ ಕೆಲವು ಮಾನಿಟರುಗಳ ವ್ಯಾಪ್ತಿ 48ರಿಂದ 75 ಹರ್ಟ್ಸ್. ಇಲ್ಲಿ 47ರ ಇಮ್ಮಡಿ 94, ಅದು 75ನ್ನು ದಾಟುತ್ತದೆ. ಆದ್ದರಿಂದ ಎಲ್‌ಎಫ್‌ಸಿ ನಡೆಯುವುದಿಲ್ಲ. ಆಟ 48ಕ್ಕಿಂತ ಕೆಳಗಿಳಿದ ಕ್ಷಣ ವಿಆರ್‌ಆರ್ ಕೈಬಿಡುತ್ತದೆ, ವಿ-ಸಿಂಕ್ ಆಫ್ ಇದ್ದರೆ ಹರಿತ, ಆನ್ ಇದ್ದರೆ ತೊದಲು. ಮೇಲಿನ ಮಿತಿ ಕೆಳಗಿನದರ ಕನಿಷ್ಠ ಎರಡರಷ್ಟಾದರೂ ಇರುವ ಮಾನಿಟರಿನಲ್ಲಿ ಈ ಕೊರತೆ ಇರುವುದಿಲ್ಲ. ಕೊಳ್ಳುವ ಮೊದಲು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಮೇಲಿನ ಅಂಕಿಯನ್ನಷ್ಟೇ ನೋಡದೆ ಕೆಳಗಿನ ಅಂಕಿಯನ್ನೂ ಕೇಳಿ ತಿಳಿದುಕೊಳ್ಳಿ.